ಎಸಾಪ್ ವೆಸ್ಟಿಂಗ್, ಕ್ಲಿಫ್ ಮತ್ತು ರಾಜೀನಾಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯೋಗಿಗಳಿಗೆ ಕಂಪನಿಯ ಷೇರು ಕೊಳ್ಳುವ ಆಪ್ಷನ್ ಕೊಡುವ ಯೋಜನೆಯೇ ಎಸಾಪ್. ಆ ಆಪ್ಷನ್‌ಗಳ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಆಪ್ಷನ್ ಸಿಕ್ಕ ದಿನ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೆಲಸ ಬಿಡಲು ಮನಸ್ಸು ಮಾಡಿದ ವಾರದಲ್ಲಿ ಎಲ್ಲರೂ ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಲೆಕ್ಕಗಳಲ್ಲಿ ನಾಣ್ಯದ ಹೆಸರು ಹಾಕಿಲ್ಲ. ಯಾವ ನಾಣ್ಯವಾದರೂ ಲೆಕ್ಕ ಅದೇ.

## ಮೊದಲಿನಿಂದ

4,800 ಆಪ್ಷನ್ ಕೊಟ್ಟಿದ್ದೇವೆ ಅಂತ ಪತ್ರ ಬಂದಿದೆ. ಅಂದರೆ ನಾನೀಗ ಷೇರುದಾರನಾ?

ಇನ್ನೂ ಇಲ್ಲ. ನಿಮ್ಮ ಕೈಗೆ ಬಂದಿರುವುದು ಷೇರಲ್ಲ, ಮುಂದೆ ಒಂದು ದಿನ ಇಂದೇ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳಬಹುದು ಎಂಬ ಹಕ್ಕು. ಆ ಬೆಲೆಗೆ ಎಕ್ಸರ್ಸೈಸ್ ಬೆಲೆ ಎನ್ನುತ್ತಾರೆ. ಈ ಹಕ್ಕೂ ಒಂದೇ ದಿನ ಪೂರ್ತಿ ನಿಮ್ಮದಾಗುವುದಿಲ್ಲ, ಕೆಲಸದಲ್ಲಿ ಇದ್ದಷ್ಟು ಕಾಲ ಕಂತು ಕಂತಾಗಿ ನಿಮ್ಮದಾಗುತ್ತದೆ. ಹಾಗೆ ನಿಮ್ಮದಾಗುವುದೇ ವೆಸ್ಟಿಂಗ್.

ಆದ್ದರಿಂದ ನಡುವೆ ಮೂರು ಮೆಟ್ಟಿಲುಗಳಿವೆ. ಗ್ರಾಂಟ್ ಆದಾಗ ಕಂಪನಿ ಮಾತು ಕೊಡುತ್ತದೆ. ವೆಸ್ಟ್ ಆದಾಗ ಕೊಳ್ಳುವ ಹಕ್ಕು ಹುಟ್ಟುತ್ತದೆ. ಎಕ್ಸರ್ಸೈಸ್ ಮಾಡಿದಾಗ, ಅಂದರೆ ದುಡ್ಡು ಕಟ್ಟಿದಾಗ, ಷೇರು ನಿಮ್ಮ ಹೆಸರಿಗೆ ಬರುತ್ತದೆ. ಬಹುತೇಕ ಗೊಂದಲ ಹುಟ್ಟುವುದು ಎರಡನೆಯ ಮೆಟ್ಟಿಲನ್ನೇ ಮೂರನೆಯದು ಅಂದುಕೊಂಡಾಗ. "ನನಗೆ ಮೂರು ಸಾವಿರ ವೆಸ್ಟ್ ಆಗಿದೆ, ಅದು ನನ್ನ ಆಸ್ತಿ" ಅಂದುಕೊಂಡು ಕೆಲಸ ಬಿಟ್ಟವರಿಗೆ ಕೆಲವು ತಿಂಗಳಾದ ಮೇಲೆ ಏನೂ ಉಳಿದಿರುವುದಿಲ್ಲ. ಯಾಕೆ ಅನ್ನುವುದು ಕೆಳಗೆ ಬರುತ್ತದೆ.

ಕ್ಲಿಫ್ ಅಂದರೇನು? ಹನ್ನೊಂದು ತಿಂಗಳು ದುಡಿದು ಬಿಟ್ಟರೆ ಹನ್ನೊಂದು ತಿಂಗಳ ಪಾಲು ಸಿಗಲ್ವಾ?

ಸಿಗುವುದಿಲ್ಲ. ಒಂದೂ ಸಿಗುವುದಿಲ್ಲ.

ಹೆಚ್ಚಿನ ಕಂಪನಿಗಳು ಇಟ್ಟುಕೊಂಡಿರುವ ರೂಢಿ ನಾಲ್ಕು ವರ್ಷದ ವೆಸ್ಟಿಂಗ್, ಅದರಲ್ಲಿ ಮೊದಲ ಒಂದು ವರ್ಷ ಕ್ಲಿಫ್. 4,800 ಆಪ್ಷನ್ನನ್ನು 48 ತಿಂಗಳಿಗೆ ಹಂಚಿದರೆ ತಿಂಗಳಿಗೆ 100 ಬರುತ್ತದೆ. ಆದರೆ ಮೊದಲ ಹನ್ನೆರಡು ತಿಂಗಳು ಏನೂ ವೆಸ್ಟ್ ಆಗುವುದಿಲ್ಲ, ವರ್ಷ ತುಂಬಿದ ದಿನ ಅಷ್ಟೂ ತಿಂಗಳ 1,200 ಒಟ್ಟಿಗೆ ವೆಸ್ಟ್ ಆಗುತ್ತದೆ. ಆಮೇಲೆ ತಿಂಗಳಿಗೆ 100ರಂತೆ ಉಳಿದ 36 ತಿಂಗಳು. ವರ್ಷ ತುಂಬುವ ಹಿಂದಿನ ದಿನ ನಿಮ್ಮ ಕೆಲಸ ಮುಗಿದರೂ ಲೆಕ್ಕ ಸೊನ್ನೆಯೇ.

ಕಂಪನಿಯ ಕಡೆಯಿಂದ ಇದರ ಉದ್ದೇಶ ಸರಳ. ಮೂರೇ ತಿಂಗಳಲ್ಲಿ ಹೊಂದಿಕೆಯಾಗದೆ ಹೊರಟವರೆಲ್ಲ ಚೂರುಪಾರು ಷೇರುದಾರರಾಗಿ ಉಳಿಯಬಾರದು. ನನಗೆ ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಅನ್ಯಾಯ ಆಗುವುದು ಕ್ಲಿಫ್ ಯಾವ ದಿನ ಅಂತ ಉದ್ಯೋಗಿಗೆ ಸರಿಯಾಗಿ ಹೇಳದೇ ಇದ್ದಾಗ.

ಎಲ್ಲ ಕಡೆ ತಿಂಗಳಿಗೊಮ್ಮೆನೇ ವೆಸ್ಟ್ ಆಗುತ್ತಾ?

ಇಲ್ಲ. ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮಾಡುವ ಕಂಪನಿಗಳೂ ಇವೆ. ಮೊದಲ ವರ್ಷ 10, ಎರಡನೆಯದಕ್ಕೆ 20, ಆಮೇಲೆ 30, ಕೊನೆಗೆ 40 ಶೇಕಡಾ ಎಂದು ಹಿಂದಕ್ಕೆ ಭಾರ ಹಾಕುವವರೂ ಇದ್ದಾರೆ. ವರ್ಷಕ್ಕೊಮ್ಮೆ ವೆಸ್ಟ್ ಆಗುವ ಕಡೆ ಪ್ರತಿ ವರ್ಷವೂ ಒಂದು ಪುಟ್ಟ ಕ್ಲಿಫ್ ಇದ್ದಂತೆ. ಎರಡು ವರ್ಷ ಹನ್ನೊಂದು ತಿಂಗಳು ದುಡಿದವರಿಗೂ ಎರಡೇ ವರ್ಷದ ಪಾಲು.

ಸಂಖ್ಯೆ ಸರಿಯಾಗಿ ಭಾಗವಾಗದಿದ್ದರೆ, ಉದಾಹರಣೆಗೆ 5,000ವನ್ನು 48ರಿಂದ ಭಾಗಿಸಿದಾಗ, ಸಾಮಾನ್ಯವಾಗಿ ಪ್ರತಿ ಕಂತನ್ನು ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸಿ ಉಳಿಕೆಯನ್ನು ಕೊನೆಯ ಕಂತಿಗೆ ಸೇರಿಸುತ್ತಾರೆ. ನಿಮ್ಮ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ನಾಲ್ಕೈದು ಆಪ್ಷನ್ ವ್ಯತ್ಯಾಸ ಬಂದರೆ ಕಾರಣ ಇದೇ ಇರುತ್ತದೆ, ಜಗಳಕ್ಕೆ ಹೋಗಬೇಡಿ.

ಒಂದು ವರ್ಷ ಅನ್ನೋದನ್ನ ಯಾವ ದಿನದಿಂದ ಎಣಿಸಬೇಕು? ನಾನು ಸೇರಿದ ದಿನದಿಂದ ತಾನೇ?

ಇಡೀ ವಿಷಯದಲ್ಲಿ ಜನ ಹೆಚ್ಚು ಏಟು ತಿನ್ನುವುದು ಇಲ್ಲೇ.

ನಿಮ್ಮ ಕಾಗದಪತ್ರಗಳಲ್ಲಿ ಮೂರು ಬೇರೆ ಬೇರೆ ದಿನಾಂಕ ಇರಬಹುದು. ಒಂದು, ನೀವು ಕೆಲಸಕ್ಕೆ ಸೇರಿದ ದಿನ. ಎರಡು, ಬೋರ್ಡ್ ಅಥವಾ ಅದರ ಸಮಿತಿ ನಿಮ್ಮ ಗ್ರಾಂಟಿಗೆ ಒಪ್ಪಿಗೆ ಕೊಟ್ಟ ದಿನ. ಮೂರು, ವೆಸ್ಟಿಂಗ್ ಎಣಿಕೆ ಶುರುವಾಗುವ ದಿನ ಎಂದು ಗ್ರಾಂಟ್ ಪತ್ರದಲ್ಲಿ ಬರೆದಿರುವ ದಿನ. ಆಫರ್ ಲೆಟರಿನಲ್ಲಿ "ನಿಮಗೆ 4,800 ಆಪ್ಷನ್ ಕೊಡಲಾಗುವುದು" ಎಂದಿದ್ದರೆ ಅದು ಬರೀ ಭರವಸೆ. ಗ್ರಾಂಟ್ ಆಗಬೇಕಾದರೆ ಬೋರ್ಡ್ ಸೇರಬೇಕು, ಮತ್ತು ಬೋರ್ಡುಗಳು ನಿಮ್ಮ ಅನುಕೂಲಕ್ಕೆ ಸೇರುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಸೇರಿ ಆವರೆಗೆ ಬಂದವರ ಹೆಸರನ್ನೆಲ್ಲ ಒಂದೇ ಪಟ್ಟಿಯಲ್ಲಿ ಮುಗಿಸುವುದು ಮಾಮೂಲು.

ಕೆಲವು ದೇಶಗಳಲ್ಲಿ ಕಂಪನಿ ಬಯಸಿದರೆ ಎಣಿಕೆಯನ್ನು ಸೇರಿದ ದಿನಕ್ಕೆ ಹಿಂದಕ್ಕೆ ಇಡಬಹುದು. ಅಮೆರಿಕದಲ್ಲಿ ಹಾಗೆ ಮಾಡುವುದೇ ರೂಢಿ. ಭಾರತದಲ್ಲಿ ಆ ದಾರಿ ಇಲ್ಲ. ಇಲ್ಲಿನ ಕಂಪನಿ ಕಾಯ್ದೆಯ 2014ರ ನಿಯಮಗಳಲ್ಲಿ 12ನೇ ನಿಯಮ, ಗ್ರಾಂಟಿಗೂ ವೆಸ್ಟಿಂಗಿಗೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕು ಎನ್ನುತ್ತದೆ. ಆದ್ದರಿಂದ ಭಾರತದ ಕಂಪನಿ ಕೊಟ್ಟ ಆಪ್ಷನ್ ಆದರೆ ಕ್ಲಿಫ್ ಎಣಿಸಬೇಕಾದದ್ದು ಗ್ರಾಂಟ್ ದಿನದಿಂದ. ನೀವು ಸೇರಿ ವರ್ಷವಾಯಿತು ಎಂದು ಸಹೋದ್ಯೋಗಿಗಳು ಕೇಕ್ ಕತ್ತರಿಸಿದ ದಿನಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

## ರಾಜೀನಾಮೆ ಕೊಡುವ ಮುಂಚೆ

ನಾನು ರಾಜೀನಾಮೆ ಮೇಲ್ ಕಳಿಸಿದ ದಿನಕ್ಕೇ ವೆಸ್ಟಿಂಗ್ ನಿಲ್ಲುತ್ತಾ, ಇಲ್ಲ ಕೊನೆಯ ದಿನದವರೆಗೂ ನಡೆಯುತ್ತಾ?

ಬಹುಪಾಲು ಯೋಜನೆಗಳಲ್ಲಿ ಕೊನೆಯ ಕೆಲಸದ ದಿನದವರೆಗೂ ನಡೆಯುತ್ತದೆ. ನೋಟಿಸ್ ಪೀರಿಯಡ್‌ನಲ್ಲಿ ಇರುವವರೂ ಉದ್ಯೋಗಿಗಳೇ. ಆದರೆ ಕೆಲವು ಯೋಜನೆಗಳಲ್ಲಿ "ರಾಜೀನಾಮೆ ಸಲ್ಲಿಸಿದ ದಿನದಿಂದ ವೆಸ್ಟಿಂಗ್ ನಿಲ್ಲುತ್ತದೆ" ಎಂಬ ಒಂದೇ ಒಂದು ಸಾಲು ಇರುತ್ತದೆ. ಅದು ಎರಡು ಪುಟದ ಗ್ರಾಂಟ್ ಪತ್ರದಲ್ಲಿ ಇರುವುದಿಲ್ಲ, ಮೂವತ್ತು ನಲವತ್ತು ಪುಟದ ಯೋಜನೆಯ ದಾಖಲೆಯಲ್ಲಿ ಇರುತ್ತದೆ. ಅದನ್ನು ಕೇಳಿ ಪಡೆದು ಓದಿ. ರಾಜೀನಾಮೆಯ ಸುಳಿವು ಕೊಡುವ ಮುಂಚೆಯೇ ಕೇಳಿ ಅಂತ ಬೇರೆ ಹೇಳಬೇಕಾಗಿಲ್ಲ.

ನಾನು ಹಿಂದೆ ಇದ್ದ ಒಂದು ಕಡೆ ನಡೆದದ್ದು ಹೇಳುತ್ತೇನೆ. ಒಬ್ಬರು ಸೇರಿದ್ದು 2022ರ ಜೂನ್ 12ಕ್ಕೆ. ಬೋರ್ಡ್ ಗ್ರಾಂಟ್ ಮಾಡಿದ್ದು ಸೆಪ್ಟೆಂಬರ್ 5ಕ್ಕೆ, 4,800 ಆಪ್ಷನ್. ಮುಂದಿನ ಜೂನ್ 12 ಕಳೆಯಿತು, "ಕ್ಲಿಫ್ ದಾಟಿತು" ಅಂದುಕೊಂಡರು. ಹೊಸ ಕೆಲಸ ಸಿಕ್ಕಿತ್ತು, 2023ರ ಜುಲೈ 1ಕ್ಕೆ ರಾಜೀನಾಮೆ ಕೊಟ್ಟರು. ನೋಟಿಸ್ 60 ದಿನ, ಆದ್ದರಿಂದ ಕೊನೆಯ ದಿನ ಆಗಸ್ಟ್ 30. ಅವರ ನಿಜವಾದ ಕ್ಲಿಫ್ ಇದ್ದದ್ದು ಸೆಪ್ಟೆಂಬರ್ 5ಕ್ಕೆ. ಆರು ದಿನಕ್ಕೆ 1,200 ಆಪ್ಷನ್ ಕೈತಪ್ಪಿತು. ಜುಲೈ 8ಕ್ಕೆ ರಾಜೀನಾಮೆ ಕೊಟ್ಟಿದ್ದರೆ ಕೊನೆಯ ದಿನ ಸೆಪ್ಟೆಂಬರ್ 6 ಆಗುತ್ತಿತ್ತು, ಅಷ್ಟೂ ಉಳಿಯುತ್ತಿತ್ತು. ಅವರ ಫೈಲಿನಲ್ಲಿ ಗ್ರಾಂಟ್ ಪತ್ರ ಸಹಿಯಾಗಿಯೇ ಇತ್ತು, ದಿನಾಂಕವೂ ಅದರಲ್ಲೇ ಇತ್ತು. ಸಹಿ ಹಾಕಿದ ಮೇಲೆ ಅದನ್ನು ಯಾರೂ ತೆಗೆದು ನೋಡಿರಲಿಲ್ಲ, ಅವರೂ ಸೇರಿದಂತೆ.

ಹಾಗಾದರೆ ನೋಟಿಸ್ ಲೆಕ್ಕ ಹಾಕಿ ಕ್ಲಿಫ್ ದಾಟಿದ ಮರುದಿನ ಕೊನೆಯ ದಿನ ಬರುವ ಹಾಗೆ ರಾಜೀನಾಮೆ ಕೊಟ್ಟರೆ ಸಾಕಲ್ವಾ?

ಕಾಗದದ ಮೇಲೆ ಸಾಕು. ಆದರೆ ಕೊನೆಯ ದಿನವನ್ನು ಗೊತ್ತುಮಾಡುವವರು ನೀವೊಬ್ಬರೇ ಅಲ್ಲ. ಅನೇಕ ಉದ್ಯೋಗ ಒಪ್ಪಂದಗಳಲ್ಲಿ ನೋಟಿಸಿನ ಸಂಬಳ ಕೊಟ್ಟು ನಿಮ್ಮನ್ನು ಬೇಗ ಬಿಡುಗಡೆ ಮಾಡುವ ಅಧಿಕಾರ ಕಂಪನಿಗೆ ಇರುತ್ತದೆ. ಹಾಗೆ ಮಾಡಿದರೆ ಸಂಬಳ 60 ದಿನದ್ದು ಬಂದರೂ ಉದ್ಯೋಗ ಅವತ್ತೇ ಮುಗಿಯುತ್ತದೆ, ವೆಸ್ಟಿಂಗೂ ಅಲ್ಲಿಗೇ ನಿಲ್ಲುತ್ತದೆ. ಅದೇ ಕಂಪನಿ ನಿಮ್ಮನ್ನು ಮನೆಯಲ್ಲೇ ಇರಿ ಎಂದು ಹೇಳಿ ನೋಟಿಸ್ ಮುಗಿಯುವವರೆಗೂ ಉದ್ಯೋಗಿಯಾಗಿಯೇ ಇಟ್ಟುಕೊಂಡರೆ, ಯೋಜನೆಯಲ್ಲಿ ಬೇರೆ ಮಾತಿಲ್ಲದಿದ್ದರೆ, ವೆಸ್ಟಿಂಗ್ ನಡೆಯುತ್ತದೆ. ಎರಡೂ ಸಂದರ್ಭದಲ್ಲಿ ನೀವು ಆಫೀಸಿಗೆ ಹೋಗುವುದಿಲ್ಲ, ಎರಡೂ ಸಂದರ್ಭದಲ್ಲಿ ದುಡ್ಡು ಬರುತ್ತದೆ. ಆಪ್ಷನ್ ಮಾತ್ರ ಒಂದರಲ್ಲಿ ಉಳಿಯುತ್ತದೆ, ಒಂದರಲ್ಲಿ ಹೋಗುತ್ತದೆ.

ಬಳಸದೆ ಉಳಿದ ರಜೆಯ ವಿಷಯವೂ ಹೀಗೆಯೇ. ರಜೆಗೆ ದುಡ್ಡು ತೆಗೆದುಕೊಂಡರೆ ಕೊನೆಯ ದಿನ ಮುಂದಕ್ಕೆ ಹೋಗುವುದಿಲ್ಲ. ಇನ್ನು ಹೊಸ ಕಂಪನಿ ನಿಮ್ಮ ನೋಟಿಸನ್ನು ಕೊಂಡುಕೊಂಡು ಬೇಗ ಕರೆಸಿಕೊಳ್ಳಲು ಹೊರಟರೆ, ಒಪ್ಪುವ ಮುಂಚೆ ಎಷ್ಟು ಕಂತು ತಪ್ಪುತ್ತದೆ ಎಂದು ಎಣಿಸಿ ಅವರ ಮುಂದಿಡಿ. ಕ್ಲಿಫ್‌ನಷ್ಟು ದೊಡ್ಡ ಕಂತು ಹತ್ತಿರವಿದ್ದರೆ ಅಂಚಿನಲ್ಲಿ ಆಟ ಆಡಬೇಡಿ. ನಾನಾದರೆ ಆ ದಿನ ದಾಟಿ, ಖಾತೆಯಲ್ಲಿ ಅಂಕಿ ಬದಲಾದದ್ದು ನೋಡಿದ ಮೇಲೆಯೇ ಮೇಲ್ ಕಳಿಸುತ್ತೇನೆ.

## ಕೆಲಸ ಬಿಟ್ಟ ಮೇಲೆ

ವೆಸ್ಟ್ ಆಗಿರೋದು ಹೇಗಿದ್ದರೂ ನನ್ನದೇ. ಕಂಪನಿ ಷೇರು ಮಾರುಕಟ್ಟೆಗೆ ಬರುವವರೆಗೆ ಕಾದು ಆಮೇಲೆ ಕೊಂಡುಕೊಳ್ಳಬಹುದಾ?

ಕೆಲಸದಲ್ಲಿದ್ದರೆ ಕಾಯಬಹುದು. ಬಿಟ್ಟ ಮೇಲೆ ಸಾಮಾನ್ಯವಾಗಿ ಕಾಯಲು ಆಗುವುದಿಲ್ಲ. ವೆಸ್ಟ್ ಆಗದ ಪಾಲು ಕೊನೆಯ ದಿನವೇ ರದ್ದಾಗಿ, ಉದ್ಯೋಗಿಗಳಿಗೆಂದು ಕಂಪನಿ ತೆಗೆದಿಟ್ಟಿರುವ ಪೂಲಿಗೆ ವಾಪಸ್ ಹೋಗುತ್ತದೆ. ವೆಸ್ಟ್ ಆದ ಪಾಲಿಗೆ ಒಂದು ಗಡುವು ಶುರುವಾಗುತ್ತದೆ. ಗಡುವಿನೊಳಗೆ ದುಡ್ಡು ಕಟ್ಟಿ ಷೇರು ಮಾಡಿಕೊಳ್ಳದಿದ್ದರೆ ಅದೂ ರದ್ದು.

ಬಹಳ ಕಡೆ ಈ ಗಡುವು 90 ದಿನ ಇರುವುದಕ್ಕೆ ಮೂಲ ಅಮೆರಿಕದ ತೆರಿಗೆ ಕಾನೂನು. ಅಲ್ಲಿ ಒಂದು ಬಗೆಯ ಆಪ್ಷನ್ನಿಗೆ ತೆರಿಗೆ ರಿಯಾಯಿತಿ ಉಳಿಯಬೇಕಾದರೆ ಕೆಲಸ ಬಿಟ್ಟ ಮೂರು ತಿಂಗಳೊಳಗೆ ಎಕ್ಸರ್ಸೈಸ್ ಮಾಡಬೇಕು. ವಕೀಲರು ಅದನ್ನು ಮಾದರಿ ದಾಖಲೆಗಳಲ್ಲಿ ಹಾಕಿದರು, ಆ ದಾಖಲೆಗಳನ್ನೇ ನೋಡಿ ಬೇರೆಯವರೂ ಬರೆದುಕೊಂಡರು. ಭಾರತದ ನಿಯಮ ಗಡುವು ಎಷ್ಟು ಎಂದು ಹೇಳುವುದಿಲ್ಲ, ಅದನ್ನು ಯೋಜನೆಗೇ ಬಿಟ್ಟಿದೆ. ಆದ್ದರಿಂದ ನಿಮ್ಮದು 30 ದಿನವೂ ಇರಬಹುದು, ವರ್ಷಗಳೂ ಇರಬಹುದು. 2015ರಲ್ಲಿ ಪಿಂಟರೆಸ್ಟ್ ಎರಡು ವರ್ಷ ದುಡಿದು ಬಿಟ್ಟವರಿಗೆ ಏಳು ವರ್ಷದ ಗಡುವು ಕೊಟ್ಟಿತು, ಆಮೇಲೆ ಹಲವು ಕಂಪನಿಗಳು ಗಡುವನ್ನು ಉದ್ದ ಮಾಡಿದವು.

ಒಂದು ಪುಟ್ಟ ಎಚ್ಚರಿಕೆ: 90 ದಿನ ಮತ್ತು ಮೂರು ತಿಂಗಳು ಒಂದೇ ಅಲ್ಲ. ಕೊನೆಯ ದಿನ ಏಪ್ರಿಲ್ 24 ಆದರೆ 90ನೆಯ ದಿನ ಜುಲೈ 23, ಮೂರು ತಿಂಗಳು ತುಂಬುವುದು ಜುಲೈ 24. ಪತ್ರದಲ್ಲಿ ಯಾವ ಪದ ಇದೆ ಎಂದು ನೋಡಿ, ಮತ್ತು ಕೊನೆಯ ದಿನಕ್ಕೆ ದುಡ್ಡು ಕಳಿಸಬೇಡಿ. ಗಡುವಿನೊಳಗೆ ಅರ್ಜಿಯೂ ಹಣವೂ ಎರಡೂ ತಲುಪಿರಬೇಕು ಎನ್ನುವ ಯೋಜನೆಗಳೇ ಹೆಚ್ಚು.

ಎಕ್ಸರ್ಸೈಸ್ ಬೆಲೆ ತುಂಬಾ ಕಡಿಮೆ ಇದೆಯಲ್ಲ, ಕಟ್ಟಿಬಿಟ್ಟರೆ ಆಯಿತು. ಜನ ಯಾಕೆ ಬಿಟ್ಟುಕೊಡ್ತಾರೆ?

ಎಕ್ಸರ್ಸೈಸ್ ಬೆಲೆಯ ಹಿಂದೆ ತೆರಿಗೆ ನಿಂತಿರುತ್ತದೆ, ಅದಕ್ಕೆ.

ಮೇಲೆ ಹೇಳಿದವರ ಜೊತೆಗೇ 2022ರ ಸೆಪ್ಟೆಂಬರ್ 5ಕ್ಕೆ ಗ್ರಾಂಟ್ ಸಿಕ್ಕ ಇನ್ನೊಬ್ಬರನ್ನು ತೆಗೆದುಕೊಳ್ಳಿ. ಅವರೂ 4,800ರವರೇ. ಕೊನೆಯ ದಿನ 2025ರ ಏಪ್ರಿಲ್ 24. ಸೆಪ್ಟೆಂಬರ್ 5ರಿಂದ ಎಣಿಸಿದರೆ ಏಪ್ರಿಲ್ 5ಕ್ಕೆ 31 ತಿಂಗಳು ತುಂಬಿದೆ, ಮೇ 5 ಬಂದಿಲ್ಲ. ಕ್ಲಿಫ್‌ನಲ್ಲಿ 1,200, ಆಮೇಲಿನ 19 ತಿಂಗಳಿಗೆ 1,900, ಒಟ್ಟು 3,100 ವೆಸ್ಟ್ ಆಗಿದೆ. ಉಳಿದ 1,700 ಹೋಯಿತು.

ಎಕ್ಸರ್ಸೈಸ್ ಬೆಲೆ 20. ಈಗ ಷೇರಿನ ನ್ಯಾಯಬೆಲೆ 150 ಎಂದು ಮೌಲ್ಯಮಾಪನದಲ್ಲಿ ಬಂದಿದೆ. 3,100ನ್ನೂ ಕೊಳ್ಳಲು 62,000 ಬೇಕು. ಇಷ್ಟೇ ಆಗಿದ್ದರೆ ಯಾರೂ ಬಿಡುತ್ತಿರಲಿಲ್ಲ. ಆದರೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಎರಡು ಬೆಲೆಗಳ ನಡುವಿನ ವ್ಯತ್ಯಾಸವನ್ನು ಎಕ್ಸರ್ಸೈಸ್ ಮಾಡಿದ ದಿನವೇ ಸಂಬಳದ ಆದಾಯ ಎಂದು ಹಿಡಿಯುತ್ತಾರೆ. ವ್ಯತ್ಯಾಸ ಷೇರಿಗೆ 130, ಒಟ್ಟು 4,03,000. ತೆರಿಗೆ ದರ ಶೇಕಡಾ 30 ಎಂದಿಟ್ಟುಕೊಂಡರೆ 1,20,900. ಎರಡೂ ಸೇರಿ 1,82,900 ನಗದನ್ನು ಈಗಲೇ ಕೈಯಿಂದ ಕಟ್ಟಬೇಕು. ತೆರಿಗೆ ಕಟ್ಟಿದ್ದು ಲಾಭದ ಮೇಲೆ, ಆದರೆ ಲಾಭ ಕೈಗೆ ಬಂದಿಲ್ಲ. ಕಂಪನಿ ಷೇರುಪೇಟೆಯಲ್ಲಿ ಇಲ್ಲದಿದ್ದರೆ ಆ ಷೇರನ್ನು ಮಾರಲು ಆಗುವುದಿಲ್ಲ. ನಾಳೆ ಕಂಪನಿ ಮುಳುಗಿದರೆ ಕಟ್ಟಿದ ತೆರಿಗೆಯೂ ಮುಳುಗಿದಂತೆಯೇ.

ಇಲ್ಲಿ ಎಲ್ಲ ಅಥವಾ ಏನೂ ಇಲ್ಲ ಎಂಬ ಆಯ್ಕೆ ಅಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಭಾಗಶಃ ಎಕ್ಸರ್ಸೈಸ್ ಮಾಡಬಹುದು. 1,000 ಮಾತ್ರ ಕೊಂಡರೆ 20,000 ಬೆಲೆ, 39,000 ತೆರಿಗೆ, ಒಟ್ಟು 59,000. ಹೋದರೂ ತಡೆದುಕೊಳ್ಳಬಲ್ಲೆ ಅನ್ನಿಸುವಷ್ಟು ಮಾತ್ರ ಕೊಂಡು ಉಳಿದದ್ದನ್ನು ಬಿಟ್ಟವರನ್ನು ನಾನು ಮೆಚ್ಚುತ್ತೇನೆ. ಸಾಲ ಮಾಡಿ ಪೂರ್ತಿ ಕೊಂಡವರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.

ಇನ್ನು ನ್ಯಾಯಬೆಲೆ ಎಕ್ಸರ್ಸೈಸ್ ಬೆಲೆಗಿಂತ ಕೆಳಗೆ ಬಿದ್ದಿದ್ದರೆ ಯೋಚನೆಯೇ ಬೇಡ, ಬಿಟ್ಟುಬಿಡಿ.

ಕಂಪನಿಯ ಪೋರ್ಟಲ್‌ನಲ್ಲಿ ಇನ್ನೂ ಪ್ರತಿ ತಿಂಗಳು ವೆಸ್ಟ್ ಆಗ್ತಾ ಇದೆ ಅಂತ ತೋರಿಸ್ತಿದೆ. ಬಿಟ್ಟು ಎರಡು ತಿಂಗಳಾಯ್ತು. ಸುಮ್ಮನಿರಲಾ?

ಸುಮ್ಮನಿರಬೇಡಿ. ನಿಮ್ಮ ಕೆಲಸ ಮುಗಿದದ್ದನ್ನು ಎಚ್‌ಆರ್‌ನವರು ಆ ಪೋರ್ಟಲ್‌ನಲ್ಲಿ ದಾಖಲಿಸಿಲ್ಲ, ಅಷ್ಟೇ. ಸಂಬಳದ ಸಾಫ್ಟ್‌ವೇರ್ ಬೇರೆ, ಷೇರಿನ ಸಾಫ್ಟ್‌ವೇರ್ ಬೇರೆ, ನಡುವೆ ಒಬ್ಬ ಮನುಷ್ಯ ಎಕ್ಸೆಲ್ ಹಾಳೆ ಹಿಡಿದುಕೊಂಡು ಓಡಾಡುತ್ತಿರುತ್ತಾನೆ. ಆ ಹೆಚ್ಚುವರಿ ಅಂಕಿ ನಿಮಗೆ ದಕ್ಕುವುದಿಲ್ಲ, ಯೋಜನೆಯ ದಾಖಲೆಯೇ ಅಂತಿಮ. ಅದಕ್ಕಿಂತ ಕೆಡುಕು ಏನೆಂದರೆ, ನಿಮ್ಮ ಗಡುವು ಯಾವಾಗ ಮುಗಿಯುತ್ತದೆ ಎಂದು ಪೋರ್ಟಲ್ ತೋರಿಸುವುದೇ ಇಲ್ಲ, ಅದು ಮಾತ್ರ ಹಿಂದೆ ಸದ್ದಿಲ್ಲದೆ ಓಡುತ್ತಿರುತ್ತದೆ.

ಕೊನೆಯ ದಿನಕ್ಕೆ ಮುಂಚೆಯೇ ಒಂದು ಮೇಲ್ ಬರೆದು ಕೊನೆಯ ದಿನಕ್ಕೆ ಎಷ್ಟು ವೆಸ್ಟ್ ಆಗಿರುತ್ತದೆ, ಎಕ್ಸರ್ಸೈಸ್ ಗಡುವಿನ ಕೊನೆಯ ದಿನಾಂಕ ಯಾವುದು, ಈಗ ನ್ಯಾಯಬೆಲೆ ಎಷ್ಟು ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಸ್ವಂತ ಮೇಲ್ ವಿಳಾಸವನ್ನೂ ಪ್ರತಿಯಲ್ಲಿ ಸೇರಿಸಿ. ಆಫೀಸಿನ ಮೇಲ್ ಕೊನೆಯ ದಿನ ಸಂಜೆಗೇ ಮುಚ್ಚುತ್ತದೆ, ಪೋರ್ಟಲ್‌ನ ಲಾಗಿನ್ ಅದೇ ಮೇಲಿಗೆ ಕಟ್ಟಿಕೊಂಡಿದ್ದರೆ ಅದೂ ಹೋಗುತ್ತದೆ.

## ಇನ್ನೂ ಆಳಕ್ಕೆ

ವೆಸ್ಟ್ ಆಗಿದೆ, ದುಡ್ಡು ಕಟ್ಟಿ ಷೇರನ್ನೂ ಮಾಡಿಕೊಂಡಿದ್ದೇನೆ. ಇನ್ನು ಕಂಪನಿ ಏನೂ ಮಾಡೋಕಾಗಲ್ಲ ತಾನೇ?

ಯೋಜನೆಯಲ್ಲಿ ವಾಪಸ್ ಖರೀದಿಯ ಹಕ್ಕು ಇಟ್ಟುಕೊಂಡಿದ್ದರೆ ಆಗುತ್ತದೆ. ಕೆಲಸ ಬಿಟ್ಟವರ ಷೇರನ್ನು ಕಂಪನಿಯೋ ಅದು ಹೆಸರಿಸಿದವರೋ ಕೊಂಡುಕೊಳ್ಳಬಹುದು ಎಂಬ ಷರತ್ತು ಅದು. ನ್ಯಾಯಬೆಲೆಗೆ ಕೊಂಡರೆ ದೂರಲು ಹೆಚ್ಚೇನಿಲ್ಲ. ನೀವು ಕಟ್ಟಿದ ಎಕ್ಸರ್ಸೈಸ್ ಬೆಲೆಗೇ ಕೊಂಡರೆ ನಡುವಿನ ಲಾಭ ಪೂರ್ತಿ ಅವರದು. 2011ರಲ್ಲಿ ಮೈಕ್ರೋಸಾಫ್ಟ್ 8.5 ಬಿಲಿಯನ್ ಡಾಲರಿಗೆ ಸ್ಕೈಪನ್ನು ಕೊಂಡ ಹೊತ್ತಿನಲ್ಲಿ ಇದೇ ಬಗೆಯ ಷರತ್ತು ದೊಡ್ಡ ಸುದ್ದಿಯಾಯಿತು. ಅದಕ್ಕೆ ಮುಂಚೆ ಕೆಲಸ ಬಿಟ್ಟಿದ್ದ ಕೆಲವರಿಗೆ ತಮ್ಮ ವೆಸ್ಟ್ ಆದ ಪಾಲಿಗೂ ಬೆಲೆಯಿಲ್ಲ ಎಂದು ಆಗ ತಿಳಿಯಿತು.

ಇದರ ಜೊತೆಗೇ ಇರುವುದು ಕೆಟ್ಟ ರೀತಿಯಲ್ಲಿ ಬಿಟ್ಟವರ ಷರತ್ತು. ಮೋಸ, ಗುಟ್ಟು ಬಯಲು ಮಾಡುವುದು ಮುಂತಾದ ಕಾರಣಕ್ಕೆ ತೆಗೆದುಹಾಕಿದರೆ ವೆಸ್ಟ್ ಆದದ್ದೂ ಹೋಗುತ್ತದೆ ಎಂದು ಬಹುತೇಕ ಎಲ್ಲ ಯೋಜನೆಗಳಲ್ಲೂ ಇದೆ, ಅದು ಸರಿಯೇ. ನೋಡಬೇಕಾದದ್ದು ಆ ಪಟ್ಟಿಯಲ್ಲಿ "ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟವರು" ಅಥವಾ "ಪ್ರತಿಸ್ಪರ್ಧಿ ಕಂಪನಿಗೆ ಸೇರಿದವರು" ಎಂಬ ಮಾತು ನುಸುಳಿದೆಯೇ ಎಂಬುದು. ಇದ್ದರೆ ನಿಮ್ಮ ವೆಸ್ಟಿಂಗಿಗೆ ಅರ್ಥವೇ ಕಡಿಮೆ, ಸಂಬಳದ ಮಾತುಕತೆಯಲ್ಲಿ ಆ ಆಪ್ಷನ್ನಿಗೆ ಹೆಚ್ಚು ಬೆಲೆ ಕಟ್ಟಬೇಡಿ.

ನಾನು ಬಿಟ್ಟ ಎರಡೇ ತಿಂಗಳಿಗೆ ಕಂಪನಿ ಮಾರಾಟವಾಯಿತು. ಎಲ್ಲರಿಗೂ ಪೂರ್ತಿ ವೆಸ್ಟ್ ಮಾಡಿದರಂತೆ. ನನ್ನ ರದ್ದಾದ ಪಾಲು ವಾಪಸ್ ಬರುತ್ತಾ?

ಬರುವುದಿಲ್ಲ. ಮಾರಾಟದ ಸಮಯದಲ್ಲಿ ವೆಸ್ಟಿಂಗ್ ಬೇಗ ಮಾಡುವುದು ಆ ದಿನ ಜೀವಂತ ಇರುವ ಆಪ್ಷನ್ನಿಗೆ ಮಾತ್ರ. ನಿಮ್ಮದು ಕೊನೆಯ ದಿನವೇ ಪೂಲಿಗೆ ಹೋಗಿದೆ. ಆದರೆ ನಿಮ್ಮ ಎಕ್ಸರ್ಸೈಸ್ ಗಡುವು ಇನ್ನೂ ಮುಗಿದಿಲ್ಲದಿದ್ದರೆ, ವೆಸ್ಟ್ ಆದ ಪಾಲು ಇನ್ನೂ ಬದುಕಿದೆ. ಖರೀದಿದಾರ ಷೇರಿಗೆ ಕೊಡುವ ಬೆಲೆ ಎಷ್ಟು ಎಂದು ತಿಳಿದ ಮೇಲೆ ಎಕ್ಸರ್ಸೈಸ್ ಮಾಡುವ ಅವಕಾಶ ಅಪರೂಪಕ್ಕೆ ಹೀಗೆ ಸಿಗುತ್ತದೆ. ಅವತ್ತೇ ಕಂಪನಿಗೆ ಬರೆಯಿರಿ.

ರಾಜೀನಾಮೆ ಅಲ್ಲ, ನಮ್ಮಣ್ಣ ಕೆಲಸದಲ್ಲಿ ಇರುವಾಗಲೇ ತೀರಿಕೊಂಡರು. ಅವರ ವೆಸ್ಟ್ ಆಗದ ಆಪ್ಷನ್ ಹೋಯಿತಾ?

ಇದನ್ನು ಕೇಳಿದವರು ಉತ್ತರ "ಹೋಯಿತು" ಎಂದೇ ನಂಬಿಕೊಂಡು ಬಂದಿದ್ದರು. ಭಾರತದಲ್ಲಿ ಹೋಗುವುದಿಲ್ಲ. ಮೇಲೆ ಹೇಳಿದ 12ನೇ ನಿಯಮದ ಪ್ರಕಾರ ಉದ್ಯೋಗಿ ತೀರಿಕೊಂಡರೆ ಆವರೆಗೆ ಗ್ರಾಂಟ್ ಆದ ಅಷ್ಟೂ ಆಪ್ಷನ್ ಕಾನೂನುಬದ್ಧ ವಾರಸುದಾರರಿಗೆ ವೆಸ್ಟ್ ಆಗುತ್ತದೆ. ದುಡಿಮೆಯಲ್ಲಿದ್ದಾಗ ಶಾಶ್ವತ ಅಂಗವೈಕಲ್ಯ ಬಂದರೆ ಆ ದಿನದವರೆಗಿನ ಗ್ರಾಂಟ್ ಪೂರ್ತಿ ಅವರಿಗೇ ವೆಸ್ಟ್ ಆಗುತ್ತದೆ. ಬೇರೆ ದೇಶದ ಕಂಪನಿ ಕೊಟ್ಟ ಆಪ್ಷನ್ ಆದರೆ ಅದರ ಯೋಜನೆಯಲ್ಲಿ ಏನಿದೆಯೋ ಅದು. ಯಾವುದೇ ಆದರೂ ಎಕ್ಸರ್ಸೈಸ್ ಮಾಡಲು ಗಡುವು ಇದ್ದೇ ಇರುತ್ತದೆ, ಮನೆಯವರಿಗೆ ಅದು ಗೊತ್ತಿರುವುದಿಲ್ಲ. ಗ್ರಾಂಟ್ ಪತ್ರದ ಒಂದು ಪ್ರತಿ ಮನೆಯಲ್ಲಿ ವಿಮೆಯ ಕಾಗದದ ಜೊತೆ ಇರಲಿ.